ಚೌಕ ಯಾವುದು, ಸರ್ವರ್ ಯಾವುದು?

ಜಾಲತಾಣ ಕಟ್ಟುವ ಯಾವುದೇ ಸಣ್ಣ ತಂಡದ ಕೋಣೆಗೆ ಹೋದರೂ ಗೋಡೆಯ ಬಿಳಿ ಬೋರ್ಡಿನ ಮೇಲೆ ಒಂದು ಚಿತ್ರ ಕಾಣುತ್ತದೆ. ಒಂದಷ್ಟು ಚೌಕಗಳು, ಅವುಗಳ ನಡುವೆ ಬಾಣಗಳು. ಒಂದು ಚೌಕದಲ್ಲಿ ‘ಆರ್ಡರ್’, ಇನ್ನೊಂದರಲ್ಲಿ ‘ಡೇಟಾಬೇಸ್’, ಮತ್ತೊಂದರಲ್ಲಿ ‘ಕ್ಲೌಡ್’. ಬರೆದವರಿಗೆ ಅದರ ಅರ್ಥ ಗೊತ್ತಿರುತ್ತದೆ, ಹೊಸದಾಗಿ ಸೇರಿದವರಿಗೆ ಗೊತ್ತಾಗುವುದಿಲ್ಲ. ಆರ್ಡರ್ ಎನ್ನುವುದು ಪ್ರೋಗ್ರಾಮಿನ ಒಂದು ಭಾಗ, ಕ್ಲೌಡ್ ಎಂದರೆ ಬಾಡಿಗೆಗೆ ತೆಗೆದುಕೊಂಡ ಯಂತ್ರ. ಎರಡನ್ನೂ ಒಂದೇ ಆಕಾರದ ಚೌಕದಲ್ಲಿ ಕೂರಿಸಿದ ಮೇಲೆ, ನಡುವಿನ ಬಾಣ ‘ಇದು ಅದನ್ನು ನೆಚ್ಚಿಕೊಂಡಿದೆ’ ಎನ್ನುತ್ತಿದೆಯೋ ‘ಇದು ಅದರೊಳಗೆ ಓಡುತ್ತಿದೆ’ ಎನ್ನುತ್ತಿದೆಯೋ ಹೇಳುವವರಿಲ್ಲ.

ಈ ಗೊಂದಲ ಹಳೆಯದು. ಗ್ರೇಡಿ ಬೂಚ್, ಜೇಮ್ಸ್ ರಂಬಾ ಮತ್ತು ಇವಾರ್ ಯಾಕಬ್ಸನ್ ತಮ್ಮ ತಮ್ಮ ಚಿತ್ರಪದ್ಧತಿಗಳನ್ನು ಬೆಸೆದು ಯುಎಂಎಲ್ ಎಂಬ ಚಿತ್ರಭಾಷೆಯನ್ನು ರೂಪಿಸಿದರು. 1997ರಲ್ಲಿ ಅದು ಅಧಿಕೃತ ಮಾನದಂಡವಾಯಿತು. ಅದರಲ್ಲಿರುವ ಹದಿನಾಲ್ಕು ಬಗೆಯ ಚಿತ್ರಗಳ ಪೈಕಿ ಹೆಚ್ಚಿನವು ದಿನನಿತ್ಯದ ಕೆಲಸದಲ್ಲಿ ಯಾರಿಗೂ ಬೇಕಾಗುವುದಿಲ್ಲ. ಕಾಂಪೊನೆಂಟ್ ಚಿತ್ರ ಮತ್ತು ಡಿಪ್ಲಾಯ್‌ಮೆಂಟ್ ಚಿತ್ರ ಮಾತ್ರ ಹಾಗಲ್ಲ. ಬೋರ್ಡಿನ ಮೇಲಿನ ಆ ಒಂದು ಚಿತ್ರವನ್ನು ಅವು ಎರಡಾಗಿ ಬಿಡಿಸುತ್ತವೆ.

ಕನ್ನಡ ಪುಸ್ತಕ ಪ್ರಕಾಶನವೊಂದು ತನ್ನದೇ ಆನ್‌ಲೈನ್ ಮಳಿಗೆ ತೆರೆಯುತ್ತಿದೆ ಎಂದಿಟ್ಟುಕೊಳ್ಳಿ. ಪ್ರೋಗ್ರಾಮಿನಲ್ಲಿ ಐದು ಭಾಗಗಳಿವೆ. ಓದುಗರು ನೋಡುವ ಮಳಿಗೆ ಪುಟ, ಪುಸ್ತಕಪಟ್ಟಿ, ದಾಸ್ತಾನು, ಆರ್ಡರ್ ಮತ್ತು ಪಾವತಿ. ಕಾಂಪೊನೆಂಟ್ ಚಿತ್ರದಲ್ಲಿ ಇವು ಐದು ಆಯತಗಳು. ಪ್ರತಿಯೊಂದರ ಮೇಲೂ «component» ಎಂಬ ಪಟ್ಟಿ ಇರುತ್ತದೆ. ಯಂತ್ರ, ಫೈಲು, ಊರು, ಕೇಬಲ್ಲು ಯಾವುದೂ ಈ ಚಿತ್ರದಲ್ಲಿ ಬರುವುದಿಲ್ಲ. ಯಾವ ಭಾಗ ಏನು ಕೊಡುತ್ತದೆ, ಯಾರಿಂದ ಏನು ಬೇಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಆ ಕೊಡುಕೊಳುವಿನ ಕರಾರಿಗೆ ಇಂಟರ್‌ಫೇಸ್ ಎಂದು ಹೆಸರು. ಪಾವತಿ ಭಾಗ ಮೂರು ಕೆಲಸ ಮಾಡಿಕೊಡುವುದಾಗಿ ಒಪ್ಪಿಕೊಂಡಿದೆ: ಇಷ್ಟು ರೂಪಾಯಿಯ ಪಾವತಿ ಶುರುಮಾಡುವುದು, ಅದರ ಸ್ಥಿತಿ ತಿಳಿಸುವುದು, ಬೇಕಾದರೆ ಹಣ ವಾಪಸು ಮಾಡುವುದು. ಇದನ್ನು ತೋರಿಸಲು ಪಾವತಿಯ ಆಯತದಿಂದ ಒಂದು ಗೆರೆ ಹೊರಟು ತುದಿಯಲ್ಲಿ ಪುಟ್ಟ ವೃತ್ತವಾಗುತ್ತದೆ. ಆರ್ಡರ್ ಭಾಗಕ್ಕೆ ಅದೇ ಕರಾರು ಬೇಕು. ಹಾಗಾಗಿ ಅದರಿಂದ ಹೊರಟ ಗೆರೆಯ ತುದಿಯಲ್ಲಿ ಅರ್ಧವೃತ್ತ ಇರುತ್ತದೆ. ಅರ್ಧವೃತ್ತ ಬಂದು ವೃತ್ತವನ್ನು ಬಳಸಿ ಹಿಡಿದರೆ ಜೋಡಣೆ ಆಯಿತು. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ ಮಿಕ್ಸಿಗೆ ಕರೆಂಟು ಶರಾವತಿಯಿಂದ ಬಂತೋ ಚಾವಣಿಯ ಸೋಲಾರಿನಿಂದ ಬಂತೋ ಬೇಕಾಗಿಲ್ಲವಲ್ಲ, ಹಾಗೆಯೇ ಪಾವತಿಯ ಒಳಗೆ ಯಾವ ಕಂಪನಿಯ ಗೇಟ್‌ವೇ ಇದೆ ಎಂಬುದು ಆರ್ಡರ್ ಭಾಗಕ್ಕೆ ಬೇಕಾಗಿಲ್ಲ. ನಾಳೆ ಆ ಕಂಪನಿ ಕಮಿಷನ್ ಏರಿಸಿದರೆ ಬೇರೆ ಕಂಪನಿಗೆ ಹೋಗಬಹುದು. ಕರಾರಿನ ಮೂರು ಕೆಲಸ ಹಾಗೆಯೇ ಉಳಿದರೆ ಆರ್ಡರ್ ಭಾಗದ ಒಂದು ಸಾಲನ್ನೂ ಮುಟ್ಟಬೇಕಾಗಿಲ್ಲ.

ಇಲ್ಲಿ ಒಂದು ವೃತ್ತವನ್ನು ಬಹಳ ಜನ ಬರೆಯುವುದೇ ಇಲ್ಲ. ಓದುಗರು ಯುಪಿಐ ಮೂಲಕ ಹಣ ಕೊಡುವಾಗ ಫೋನು ಬೇರೊಂದು ಆಪ್‌ಗೆ ಜಿಗಿಯುತ್ತದೆ. ಹಣ ಹೋಯಿತು ಎಂದು ಕಂಡಕೂಡಲೇ ಅವರು ಫೋನು ಜೇಬಿಗಿಳಿಸಬಹುದು, ನಮ್ಮ ಪುಟಕ್ಕೆ ವಾಪಸು ಬರದೇ ಇರಬಹುದು. ಹಾಗಾಗಿ ಗೇಟ್‌ವೇ ಕಂಪನಿಯ ಸರ್ವರ್ ತಾನಾಗಿಯೇ ನಮ್ಮ ಜಾಲತಾಣಕ್ಕೆ ಕರೆ ಮಾಡಿ ‘ಈ ಆರ್ಡರಿನ ಹಣ ಬಂದಿದೆ’ ಎಂದು ಹೇಳುತ್ತದೆ. ಇದನ್ನು ವೆಬ್‌ಹುಕ್ ಎನ್ನುತ್ತಾರೆ. ಅಂದರೆ ಪಾವತಿ ಭಾಗ ಹೊರಗಿನವರನ್ನು ಕರೆಯುವುದಷ್ಟೇ ಅಲ್ಲ, ಹೊರಗಿನವರ ಕರೆಯನ್ನು ತೆಗೆದುಕೊಳ್ಳಲೂ ಬೇಕು. ಚಿತ್ರದಲ್ಲಿ ಆ ಆಯತಕ್ಕೆ ‘ಫಲಿತಾಂಶ ಸ್ವೀಕಾರ’ ಎಂಬ ಇನ್ನೊಂದು ವೃತ್ತ ಬರಬೇಕು. ಅದು ಚಿತ್ರದಲ್ಲಿ ಇಲ್ಲದಿದ್ದರೆ ಪ್ರೋಗ್ರಾಮಿನಲ್ಲೂ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿ, ಆರ್ಡರ್ ಮಾತ್ರ ‘ಪೆಂಡಿಂಗ್’ ಎಂದು ನಿಂತುಬಿಡುವುದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ಈ ಚಿತ್ರದಲ್ಲಿ ಕಾಣುವುದಿಲ್ಲ. ಅದಕ್ಕೆ ಎರಡನೆಯ ಚಿತ್ರ ಬೇಕು.

ಡಿಪ್ಲಾಯ್‌ಮೆಂಟ್ ಚಿತ್ರದಲ್ಲಿ ಚಪ್ಪಟೆ ಆಯತದ ಬದಲು ಉಬ್ಬಿದ ಪೆಟ್ಟಿಗೆ ಇರುತ್ತದೆ. ಅದರ ಹೆಸರು ನೋಡ್. ಫೋನಾಗಲಿ ಸರ್ವರಾಗಲಿ, ಪ್ರೋಗ್ರಾಮು ಓಡುವ ಜಾಗ ಎಂದು ಅರ್ಥ. ನಮ್ಮ ಮಳಿಗೆಯ ಚಿತ್ರದಲ್ಲಿ ಮೊದಲ ಪೆಟ್ಟಿಗೆ ಓದುಗರ ಫೋನು, ಅದರೊಳಗೆ ಇನ್ನೊಂದು ಪೆಟ್ಟಿಗೆಯಾಗಿ ಬ್ರೌಸರ್. ಎರಡನೆಯದು ಇಂಟರ್‌ನೆಟ್ಟಿಗೆ ಮುಖ ಮಾಡಿ ನಿಂತ ವೆಬ್ ಸರ್ವರ್. ಅದರ ಹಿಂದೆ ಒಂದೇ ರೀತಿಯ ಎರಡು ಅಪ್ಲಿಕೇಶನ್ ಸರ್ವರ್‌ಗಳು, ಅವುಗಳ ಹಿಂದೆ ಡೇಟಾಬೇಸ್ ಸರ್ವರ್. ಹೊರಗೆ ಒಂದು ಬದಿಗೆ ಗೇಟ್‌ವೇ ಕಂಪನಿಯ ಪೆಟ್ಟಿಗೆ. ಪೆಟ್ಟಿಗೆಗಳ ನಡುವಿನ ಗೆರೆ ಇಲ್ಲಿ ನಿಜವಾದ ಸಂಪರ್ಕದ ದಾರಿ. ಫೋನಿನಿಂದ ವೆಬ್ ಸರ್ವರಿಗೆ ಎಚ್‌ಟಿಟಿಪಿಎಸ್, ಪೋರ್ಟ್ 443. ಅಪ್ಲಿಕೇಶನ್ ಸರ್ವರಿನಿಂದ ಡೇಟಾಬೇಸಿಗೆ, ಅದು ಪೋಸ್ಟ್‌ಗ್ರೆಸ್ ಆಗಿದ್ದರೆ ಸಾಮಾನ್ಯವಾಗಿ 5432. ಗೆರೆ ಇಲ್ಲದ ಕಡೆ ದಾರಿಯಿಲ್ಲ. ಓದುಗರ ಫೋನಿನಿಂದ ನೇರವಾಗಿ ಡೇಟಾಬೇಸಿಗೆ ಗೆರೆ ಇರಬಾರದು, ಫೈರ್‌ವಾಲ್ ಅದನ್ನು ತಡೆಯಬೇಕು.

ಪೆಟ್ಟಿಗೆಯೊಳಗೆ ಇಡುವುದು ಕಾಂಪೊನೆಂಟನ್ನಲ್ಲ, ಫೈಲನ್ನು. ಯುಎಂಎಲ್‌ನಲ್ಲಿ ಇದಕ್ಕೆ ಆರ್ಟಿಫ್ಯಾಕ್ಟ್ ಎನ್ನುತ್ತಾರೆ. ನಮ್ಮ ಉದಾಹರಣೆಯಲ್ಲಿ ಪುಸ್ತಕಪಟ್ಟಿ, ದಾಸ್ತಾನು, ಆರ್ಡರ್, ಪಾವತಿ ನಾಲ್ಕೂ ಸೇರಿ `shop.jar` ಎಂಬ ಒಂದೇ ಫೈಲಾಗಿವೆ, ಆ ಫೈಲು ಎರಡೂ ಅಪ್ಲಿಕೇಶನ್ ಸರ್ವರ್‌ಗಳಲ್ಲಿ ಕೂತಿದೆ. ಫೈಲಿನಿಂದ ಕಾಂಪೊನೆಂಟಿಗೆ «manifest» ಎಂದು ಬರೆದ ಚುಕ್ಕಿಬಾಣ ಹಾಕಿದರೆ ಯಾವ ಫೈಲಿನಲ್ಲಿ ಯಾವ ಭಾಗ ಇದೆ ಎಂಬುದು ತಿಳಿಯುತ್ತದೆ. ಎರಡು ಚಿತ್ರಗಳ ನಡುವಿನ ಕೊಂಡಿ ಈ ಬಾಣವೇ. ಹಳೆಯ ಪಠ್ಯಪುಸ್ತಕಗಳಿಂದ ಕಲಿತವರು ಇಲ್ಲಿ ಎಡವುತ್ತಾರೆ, ಅದು ಅವರ ತಪ್ಪಲ್ಲ. ಯುಎಂಎಲ್‌ನ ಮೊದಲ ಆವೃತ್ತಿಗಳಲ್ಲಿ ಫೈಲನ್ನೂ ಕಾಂಪೊನೆಂಟ್ ಎಂದೇ ಕರೆಯುವ ರೂಢಿಯಿತ್ತು. 2005ರಲ್ಲಿ ಬಂದ ಎರಡನೆಯ ಆವೃತ್ತಿ ಅವೆರಡನ್ನು ಬೇರ್ಪಡಿಸಿತು. ಎಡಬದಿಯಲ್ಲಿ ಎರಡು ಚಿಕ್ಕ ಆಯತಗಳು ಚಾಚಿಕೊಂಡಿರುವ ಕಾಂಪೊನೆಂಟ್ ಗುರುತು ಕಂಡರೆ ಅದು ಹಳೆಯ ಕಾಲದ್ದು ಎಂದು ತಿಳಿಯಿರಿ.

ಈಗ ಪೆಂಡಿಂಗ್ ಆರ್ಡರಿಗೆ ಮರಳೋಣ. ವೆಬ್‌ಹುಕ್ ಸ್ವೀಕರಿಸುವ ಭಾಗವನ್ನು ತಂಡ ಸರಿಯಾಗಿಯೇ ಬರೆದಿದೆ. ಆದರೆ ಅದು ಇರುವುದು ಅಪ್ಲಿಕೇಶನ್ ಸರ್ವರಿನಲ್ಲಿ, ಆ ಸರ್ವರ್ ಇರುವುದು ಹೊರಗಿನವರಿಗೆ ಕಾಣದ ಒಳ ಜಾಲದಲ್ಲಿ. ಗೇಟ್‌ವೇಯ ಕರೆ ವೆಬ್ ಸರ್ವರಿಗೆ ಬಂದು, ಅದು ಒಳಗೆ ದಾಟಿಸಿದರೆ ಮಾತ್ರ ತಲುಪುತ್ತದೆ. ಆ ವಿಳಾಸವನ್ನು ದಾಟಿಸು ಎಂದು ವೆಬ್ ಸರ್ವರಿಗೆ ಯಾರೂ ಹೇಳಿಲ್ಲ. ಕಾಂಪೊನೆಂಟ್ ಚಿತ್ರ ನೋಡಿದರೆ ವೃತ್ತವೂ ಅರ್ಧವೃತ್ತವೂ ಕೂಡಿಕೊಂಡಿವೆ, ಯಾವ ದೋಷವೂ ಇಲ್ಲ. ಡಿಪ್ಲಾಯ್‌ಮೆಂಟ್ ಚಿತ್ರದಲ್ಲಿ ಗೇಟ್‌ವೇ ಪೆಟ್ಟಿಗೆಯಿಂದ ವೆಬ್ ಸರ್ವರಿಗೆ ಗೆರೆಯೇ ಇಲ್ಲ. ಪತ್ತೆ ಮಾಡುವುದು ಕಷ್ಟವಲ್ಲ. ವೆಬ್ ಸರ್ವರಿನ ಲಾಗ್‌ನಲ್ಲಿ ಆ ಕರೆ 404 ಎಂದು ದಾಖಲಾಗಿದ್ದು, ಅಪ್ಲಿಕೇಶನ್ ಸರ್ವರಿನ ಲಾಗ್‌ನಲ್ಲಿ ಅದರ ಸುಳಿವೇ ಇಲ್ಲದಿದ್ದರೆ ಕರೆ ಬಾಗಿಲಲ್ಲೇ ನಿಂತಿದೆ.

ಇನ್ನೊಂದು ತೊಂದರೆ ಇದಕ್ಕಿಂತ ಚೇಷ್ಟೆಯದು. ಪ್ರಕಾಶಕರು ಹೊಸ ಪುಸ್ತಕದ ಮುಖಪುಟದ ಚಿತ್ರವನ್ನು ಜಾಲತಾಣಕ್ಕೆ ಏರಿಸುತ್ತಾರೆ. ಪುಟ ತೆರೆದರೆ ಚಿತ್ರ ಕಾಣುತ್ತದೆ, ರಿಫ್ರೆಶ್ ಮಾಡಿದರೆ ಮಾಯ, ಮತ್ತೊಮ್ಮೆ ಮಾಡಿದರೆ ಹಾಜರು. ತಂಡದವರ ಲ್ಯಾಪ್‌ಟಾಪಿನಲ್ಲಿ ಹೀಗೆ ಆಗುವುದೇ ಇಲ್ಲ. ಕಾರಣ ಇಷ್ಟೇ: ಏರಿಸಿದ ಫೈಲು ಮೊದಲ ಅಪ್ಲಿಕೇಶನ್ ಸರ್ವರಿನ ಡಿಸ್ಕಿನಲ್ಲಿ ಕೂತಿದೆ. ವೆಬ್ ಸರ್ವರ್ ಕೋರಿಕೆಗಳನ್ನು ಸರದಿಯಂತೆ ಒಮ್ಮೆ ಒಂದನೆಯದಕ್ಕೆ, ಒಮ್ಮೆ ಎರಡನೆಯದಕ್ಕೆ ಕೊಡುತ್ತಿದೆ. ಎರಡನೆಯದರ ಡಿಸ್ಕಿನಲ್ಲಿ ಆ ಚಿತ್ರವೇ ಇಲ್ಲ. ಅನುಮಾನವಿದ್ದರೆ ಒಂದು ಸರ್ವರನ್ನು ಸರದಿಯಿಂದ ತಾತ್ಕಾಲಿಕವಾಗಿ ತೆಗೆದು ನೋಡಬಹುದು. ಆಗ ಚಿತ್ರ ಒಂದೋ ಸದಾ ಕಾಣುತ್ತದೆ, ಇಲ್ಲವೇ ಎಂದೂ ಕಾಣುವುದಿಲ್ಲ. ಪರಿಹಾರವಾಗಿ ಎರಡೂ ಸರ್ವರ್‌ಗಳು ಹಂಚಿಕೊಳ್ಳುವ ಫೈಲು ಸಂಗ್ರಹವನ್ನು ಇಟ್ಟು, ಡಿಪ್ಲಾಯ್‌ಮೆಂಟ್ ಚಿತ್ರಕ್ಕೆ ಒಂದು ಪೆಟ್ಟಿಗೆ, ಎರಡು ಗೆರೆ ಸೇರಿಸಬೇಕು. ಐದು ಕಾಂಪೊನೆಂಟುಗಳ ಚಿತ್ರ ಮಾತ್ರ ಇದ್ದಂತೆಯೇ ಇರುತ್ತದೆ. ಅದರಲ್ಲಿ ಪುಸ್ತಕಪಟ್ಟಿ ಒಂದೇ ಒಂದು. ಅದು ಎರಡು ಯಂತ್ರಗಳಲ್ಲಿ ಎರಡು ಪ್ರತಿಯಾಗಿ ಓಡುತ್ತಿದೆ ಎಂಬ ಸಂಗತಿಯೇ ಆ ಚಿತ್ರಕ್ಕೆ ಗೊತ್ತಿಲ್ಲ.

ಮಳಿಗೆ ಪುಟದ ಕಥೆ ಸ್ವಲ್ಪ ಬೇರೆ. ಅದರ ಫೈಲುಗಳು ವೆಬ್ ಸರ್ವರಿನಲ್ಲಿ ಇರುತ್ತವೆ, ಆದರೆ ಓಡುವುದು ಓದುಗರ ಫೋನಿನಲ್ಲಿ. ಕಾಂಪೊನೆಂಟ್ ಚಿತ್ರದಲ್ಲಿ ಅದೂ ಆರ್ಡರೂ ಅಕ್ಕಪಕ್ಕದ ಆಯತಗಳು, ಒಂದೇ ಮನೆಯವರಂತೆ ಕಾಣುತ್ತವೆ. ಪೆಟ್ಟಿಗೆಗಳ ಚಿತ್ರದಲ್ಲಿ ನೋಡಿದಾಗಲೇ ಅದು ನಮ್ಮ ಹಿಡಿತದಲ್ಲಿಲ್ಲದ ಯಂತ್ರದಲ್ಲಿದೆ ಎಂದು ಅರಿವಾಗುವುದು. ಮೂರು ಪುಸ್ತಕಕ್ಕೆ ಒಟ್ಟು 640 ರೂಪಾಯಿ ಎಂದು ಆ ಪುಟ ಲೆಕ್ಕ ಹಾಕಿ ಕಳಿಸಿದರೆ ಆರ್ಡರ್ ಭಾಗ ಅದನ್ನು ನಂಬಬಾರದು. ಬ್ರೌಸರಿನಲ್ಲಿ ಆ ಮೊತ್ತವನ್ನು 64 ಎಂದು ತಿದ್ದಿ ಕಳಿಸುವುದು ದೊಡ್ಡ ವಿದ್ಯೆಯೇನಲ್ಲ. ಪುಟದಿಂದ ಪುಸ್ತಕದ ಸಂಖ್ಯೆ ಮತ್ತು ಪ್ರತಿಗಳ ಲೆಕ್ಕವನ್ನಷ್ಟೇ ಪಡೆದು, ಬೆಲೆಯನ್ನು ಸರ್ವರಿನಲ್ಲೇ ಮತ್ತೆ ಕೂಡಬೇಕು.

ಚಿತ್ರಗಳು ಸಿದ್ಧವಾದ ಮೇಲೆ ಮಾಡಬೇಕಾದ ಒಂದು ಪರೀಕ್ಷೆಯಿದೆ. ಮೊದಲ ಚಿತ್ರದಲ್ಲಿ ವೃತ್ತವನ್ನು ಅರ್ಧವೃತ್ತ ಹಿಡಿದಿರುವ ಪ್ರತಿ ಜಾಗಕ್ಕೂ ಬೆರಳಿಡಿ. ಆ ಎರಡು ಭಾಗಗಳ ಫೈಲುಗಳು ಎರಡನೆಯ ಚಿತ್ರದಲ್ಲಿ ಯಾವ ಪೆಟ್ಟಿಗೆಗಳಲ್ಲಿ ಓಡುತ್ತಿವೆ ಎಂದು ಹುಡುಕಿ. ಒಂದೇ ಪೆಟ್ಟಿಗೆಯಾದರೆ ಮುಂದೆ ಹೋಗಿ. ಬೇರೆ ಬೇರೆಯಾದರೆ ನಡುವೆ ಗೆರೆ ಇರಬೇಕು, ಗೆರೆಯ ಮೇಲೆ ಯಾವ ಪ್ರೋಟೊಕಾಲ್ ಎಂದು ಬರೆದಿರಬೇಕು, ಆ ದಾರಿ ಕಡಿದರೆ ಏನು ಮಾಡುವುದು ಎಂಬ ಪ್ರಶ್ನೆಗೆ ತಂಡದಲ್ಲಿ ಯಾರಾದರೊಬ್ಬರ ಬಳಿ ಉತ್ತರವಿರಬೇಕು. ದಾಸ್ತಾನು ಮತ್ತು ಆರ್ಡರ್ ಒಂದೇ ಫೈಲಿನಲ್ಲಿರುವಾಗ ಅವುಗಳ ನಡುವಿನ ಕರೆ ಜಾಲದ ತೊಂದರೆಯಿಂದ ಸೋಲುವುದಿಲ್ಲ. ನಾಳೆ ದಾಸ್ತಾನನ್ನು ಬೇರೆ ಸರ್ವರಿಗೆ ಒಯ್ದರೆ ಕಾಂಪೊನೆಂಟ್ ಚಿತ್ರ ಹಾಗೆಯೇ ಉಳಿಯುತ್ತದೆ, ಆದರೆ ಅದೇ ಕರೆ ಈಗ ತಡವಾಗಬಹುದು, ತಲುಪದೆಯೂ ಹೋಗಬಹುದು.

ಡಿಪ್ಲಾಯ್‌ಮೆಂಟ್ ಚಿತ್ರ ಬೇಗ ಹಳತಾಗುತ್ತದೆ, ನಿಜ. ಕ್ಲೌಡಿನಲ್ಲಿ ಜನಸಂದಣಿ ನೋಡಿಕೊಂಡು ಸರ್ವರ್‌ಗಳು ಹುಟ್ಟುತ್ತವೆ, ಇಲ್ಲವಾಗುತ್ತವೆ. ಹಾಗಾಗಿ ಒಂದೊಂದು ಯಂತ್ರದ ಐಪಿ ವಿಳಾಸವನ್ನೂ ಬರೆಯುವ ಗೋಜಿಗೆ ಹೋಗದೆ, ಒಂದು ಪೆಟ್ಟಿಗೆ ಬರೆದು ಗೆರೆಯ ತುದಿಯಲ್ಲಿ 2..6 ಎಂದು ನಮೂದಿಸಿದರೆ ಸಾಕು. ಕನಿಷ್ಠ ಎರಡು, ಗರಿಷ್ಠ ಆರು ಎಂದು ಅರ್ಥ.

ನಿಮ್ಮ ಸಂಸ್ಥೆಗೋ ಅಂಗಡಿಗೋ ಜಾಲತಾಣ ಮಾಡಿಸುತ್ತಿದ್ದರೆ ಕೊನೆಯ ಕಂತಿನ ಹಣ ಕೊಡುವ ಮುನ್ನ ಈ ಎರಡೂ ಚಿತ್ರಗಳನ್ನು ಕೇಳಿ ಪಡೆಯಿರಿ. ಡೇಟಾಬೇಸಿನ ಬ್ಯಾಕಪ್ ಯಾವ ಪೆಟ್ಟಿಗೆಯಲ್ಲಿದೆ, ತೋರಿಸಿ ಎನ್ನಿ. ಡೇಟಾಬೇಸ್ ಇರುವ ಪೆಟ್ಟಿಗೆಯ ಮೇಲೆಯೇ ಬೆರಳಿಟ್ಟರೆ ಕಂತನ್ನು ತಡೆಹಿಡಿಯಿರಿ.