ಮೊದಲು ಕಣ್ಣು, ಆಮೇಲೆ ಕೈ

ನಿಮ್ಮ ಕಚೇರಿಗೆ ಹೊಸಬರೊಬ್ಬರು ಸೇರಿದ್ದಾರೆ, ಅವರಿಗೆ ಕಿವಿ ಕೇಳಿಸುವುದಿಲ್ಲ. ಬೆಳಿಗ್ಗೆ ನೀವು ಒಳಗೆ ಬರುವಾಗ ಅವರು ಬಾಗಿಲಿಗೆ ಬೆನ್ನು ಮಾಡಿ ಕಂಪ್ಯೂಟರ್ ನೋಡುತ್ತಿದ್ದಾರೆ. ಕೈಮುಗಿದರೆ ನಮಸ್ಕಾರ ಎಂದು ಅವರಿಗೂ ಗೊತ್ತು. ಆದರೆ ಅವರು ನಿಮ್ಮನ್ನು ನೋಡುವ ಮೊದಲೇ ಮುಗಿದ ಕೈ ಯಾರಿಗೂ ತಲುಪುವುದಿಲ್ಲ. ಕಿವುಡರ ನಡುವೆ ನಮಸ್ಕಾರ ಶುರುವಾಗುವುದು ಕಣ್ಣಿಗೆ ಕಣ್ಣು ಸಿಕ್ಕಾಗ. ಹಾಗೆ ಕಣ್ಣು ಸೆಳೆಯುವುದಕ್ಕೂ ಒಂದು ಮರ್ಯಾದೆಯ ಕ್ರಮವಿದೆ.

ಬೆನ್ನ ಹಿಂದಿನಿಂದ ಹೋಗಿ ತಟ್ಟಿದರೆ ಯಾರಾದರೂ ಬೆಚ್ಚುತ್ತಾರೆ. ಸ್ವಲ್ಪ ಸುತ್ತಿ ಬಂದು, ಅವರ ಓರೆನೋಟಕ್ಕೆ ಬೀಳುವಷ್ಟು ದೂರದಲ್ಲಿ ನಿಂತು, ಅಂಗೈ ಕೆಳಗೆ ಮಾಡಿ ಒಂದೆರಡು ಸಲ ಮೆಲ್ಲಗೆ ಆಡಿಸಿದರೆ ಸಾಕು. ಮುಖದ ಹತ್ತಿರಕ್ಕೆ ಕೈ ಒಯ್ಯಬಾರದು. ಹತ್ತಿರವೇ ಇದ್ದರೆ ಭುಜವನ್ನೋ ತೋಳಿನ ಮೇಲ್ಭಾಗವನ್ನೋ ಬೆರಳ ತುದಿಯಿಂದ ಹಗುರವಾಗಿ ಎರಡು ಸಲ ತಟ್ಟಬಹುದು. ಕಿವುಡರ ಬಳಗದಲ್ಲಿ ಈ ಸ್ಪರ್ಶಕ್ಕೆ ಸಲಿಗೆಯ ಅರ್ಥವಿಲ್ಲ, ಅದು ಹೆಸರು ಹಿಡಿದು ಕೂಗಿದ ಹಾಗೆ. ಆದರೂ ಪರಿಚಯವಿಲ್ಲದ ಹೆಂಗಸರನ್ನು ಗಂಡಸರು ತಟ್ಟುವುದಕ್ಕಿಂತ ಕೈ ಬೀಸುವುದೇ ನಮ್ಮ ಕಡೆ ವಾಸಿ ಎಂದು ನನ್ನ ಅಭಿಪ್ರಾಯ. ತಲೆ ಮುಟ್ಟುವುದು, ಗಲ್ಲ ಹಿಡಿದು ಮುಖ ತಿರುಗಿಸುವುದು, ಪೆನ್ನು ಎಸೆಯುವುದು ಯಾರಿಗೂ ಹಿಡಿಸದ ಕೆಲಸಗಳು.

ದೂರದಲ್ಲಿದ್ದರೆ ಕೋಣೆಯ ದೀಪವನ್ನು ಒಮ್ಮೆ ಆರಿಸಿ ಹಚ್ಚುವ ರೂಢಿಯಿದೆ. ಪಟಪಟನೆ ಆರಿಸಿ ಹಚ್ಚುತ್ತಲೇ ಇದ್ದರೆ ಏನೋ ಅವಘಡವಾಗಿದೆ ಎಂದುಕೊಳ್ಳುತ್ತಾರೆ. ಮರದ ನೆಲವಿರುವ ದೇಶಗಳಲ್ಲಿ ಕಾಲಿನಿಂದ ನೆಲ ಬಡಿದು ಕರೆಯುವುದೂ ಇದೆ. ನಮ್ಮ ಕಲ್ಲುಹಾಸಿನ, ಟೈಲ್ಸಿನ ನೆಲದಲ್ಲಿ ಆ ಅದುರು ಸಾಗುವುದಿಲ್ಲ. ಅವರು ಕೈಯೂರಿದ ಮೇಜನ್ನು ಮೆಲ್ಲಗೆ ತಟ್ಟಿದರೆ ಸಾಗುತ್ತದೆ.

ಈಗ ಅವರು ತಿರುಗಿ ನೋಡಿದರು. ಕೈಯಲ್ಲಿರುವ ಚೀಲ, ಫೋನು ಕೆಳಗಿಟ್ಟು, ಕಿಟಕಿಗೆ ಬೆನ್ನು ಕೊಡದೆ ನಿಲ್ಲಿ. ಹಿಂದಿನಿಂದ ಬೆಳಕು ಬಿದ್ದರೆ ನಿಮ್ಮ ಮುಖ ಕಪ್ಪಾಗುತ್ತದೆ, ಸನ್ನೆ ಭಾಷೆಯ ವ್ಯಾಕರಣದಲ್ಲಿ ಅರ್ಧ ಇರುವುದು ಮುಖದಲ್ಲೇ. ನಮಸ್ಕಾರ ಮಾಡಿ. ‘ಚೆನ್ನಾಗಿದ್ದೀರಾ?’ ಎಂದು ಕೇಳಬೇಕಾದರೆ ಅವರ ಕಡೆ ತೋರಿಸಿ, ಹೆಬ್ಬೆರಳು ಮೇಲೆತ್ತಿ, ಅದರ ಜೊತೆಗೇ ಹುಬ್ಬೇರಿಸಿ ತಲೆಯನ್ನು ತುಸು ಮುಂದಕ್ಕೆ ತನ್ನಿ. ಹುಬ್ಬು ಏರದಿದ್ದರೆ ಅದು ಪ್ರಶ್ನೆಯಾಗದೆ, ‘ನೀವು ಚೆನ್ನಾಗಿದ್ದೀರಿ’ ಎಂದು ನೀವೇ ತೀರ್ಮಾನ ಕೊಟ್ಟಂತಾಗುತ್ತದೆ. ಮನುಷ್ಯರತ್ತ ಬೆರಳು ತೋರಿಸಬೇಡ ಎಂದು ಕಲಿತು ಬೆಳೆದವರಿಗೆ ಮೊದಲು ಮುಜುಗರ. ಆದರೆ ಸನ್ನೆಯಲ್ಲಿ ‘ನಾನು’, ‘ನೀವು’ ಎನ್ನಲು ಇರುವುದು ಆ ಬೆರಳೇ, ಅದರಲ್ಲಿ ಬೈಗುಳವಿಲ್ಲ.

ಮಾತು ಮುಗಿಯುವ ತನಕ ನೋಟ ಅತ್ತಿತ್ತ ಹೋಗಬಾರದು. ಅವರು ಸನ್ನೆ ಮಾಡುತ್ತಿರುವಾಗ ನೀವು ಫೋನ್ ನೋಡಿದರೆ ‘ನಿಮ್ಮ ಮಾತು ಸಾಕು’ ಎಂದಂತೆಯೇ. ದನಿ ಏರಿಸಿ, ತುಟಿ ಹಿಗ್ಗಿಸಿ ಹೇಳುವುದರಿಂದಲೂ ಪ್ರಯೋಜನವಿಲ್ಲ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ತರಹ ಕಾಣುತ್ತವೆ. ನೀವು ‘ಮಾವ’ ಎಂದರೋ ‘ಭಾವ’ ಎಂದರೋ ನೋಡುವವರಿಗೆ ಹೇಗೆ ತಿಳಿಯಬೇಕು? ಜೊತೆಗೆ ದುಭಾಷಿ ಇದ್ದರೂ ನೋಟ ಕಿವುಡರ ಮೇಲೇ ಇರಲಿ. ‘ಅವರ ಊರು ಯಾವುದು, ಕೇಳಿ’ ಎಂದು ದುಭಾಷಿಗೆ ಹೇಳದೆ, ‘ನಿಮ್ಮ ಊರು ಯಾವುದು?’ ಎಂದು ನೇರವಾಗಿ ಅವರನ್ನೇ ಕೇಳಬೇಕು.

ಪರಿಚಯ ಹೇಳಿಕೊಳ್ಳುವಾಗ ಹೆಸರನ್ನು ಬೆರಳಿನಲ್ಲಿ ಅಕ್ಷರ ಅಕ್ಷರವಾಗಿ ತೋರಿಸುತ್ತಾರೆ. ಯೂಟ್ಯೂಬ್ ನೋಡಿ ಅಮೆರಿಕದ ಒಂದು ಕೈಯ ಅಕ್ಷರಮಾಲೆ ಕಲಿತು ಬರುವವರು ಎಡವುವುದು ಇಲ್ಲೇ. ಭಾರತೀಯ ಸನ್ನೆ ಭಾಷೆ ಇಂಗ್ಲಿಷ್ ಅಕ್ಷರಗಳಿಗೆ ಹೆಚ್ಚಾಗಿ ಎರಡೂ ಕೈ ಬಳಸುತ್ತದೆ. ಸ್ವರಗಳು ಒಂದು ಕೈಯ ಐದು ಬೆರಳ ತುದಿಯಲ್ಲಿವೆ: ಹೆಬ್ಬೆರಳು ಮುಟ್ಟಿದರೆ ‘ಎ’, ನಡುಬೆರಳು ಮುಟ್ಟಿದರೆ ‘ಐ’. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆದಿದೆ, ಕಲಿಯುವವರು ಅಲ್ಲಿಂದ ಆರಂಭಿಸುವುದು ಒಳ್ಳೆಯದು. ಪದಗಳು ಊರಿಂದ ಊರಿಗೆ ಕೊಂಚ ಬದಲಾಗುವುದರಿಂದ, ಎದುರಿಗಿರುವವರು ತೋರಿಸಿದ್ದನ್ನೇ ಅನುಸರಿಸುವುದು ಇನ್ನೂ ಒಳ್ಳೆಯದು.

ಬೆರಳಕ್ಷರದ ನಂತರ ಅವರು ತಮ್ಮ ಸನ್ನೆ ಹೆಸರನ್ನು ತೋರಿಸಬಹುದು. ಕೆನ್ನೆಯ ಗುಳಿ, ಹುಬ್ಬಿನ ಬಳಿಯ ಮಚ್ಚೆ, ಗುಂಗುರು ಕೂದಲು, ಹೀಗೆ ಕಣ್ಣಿಗೆ ಬೀಳುವ ಯಾವುದೋ ಒಂದು ಲಕ್ಷಣದಿಂದ ಹುಟ್ಟಿದ ಒಂದೇ ಸನ್ನೆ ಅದು. ನಿಮಗೂ ಅಂಥದೊಂದು ಬೇಕೆನಿಸೀತು, ಆದರೆ ತಾನೇ ಇಟ್ಟುಕೊಳ್ಳುವ ಹೆಸರಲ್ಲ ಅದು. ಒಡನಾಟ ಬೆಳೆದ ಮೇಲೆ ಕಿವುಡರೇ ಇಡುತ್ತಾರೆ.

ಇಬ್ಬರು ಸನ್ನೆಯಲ್ಲಿ ಮಾತಾಡುತ್ತ ದಾರಿಗೆ ಅಡ್ಡ ನಿಂತಿದ್ದರೆ ಹೇಗೆ ದಾಟುವುದು? ನಿಂತು ಕ್ಷಮೆ ಕೇಳಿದರೆ ಅಷ್ಟು ಹೊತ್ತು ಅವರ ಮಾತು ಕಡಿದಂತೆ. ತುಸು ತಲೆಬಾಗಿ ಸರಸರನೆ ನಡುವೆಯೇ ದಾಟಿಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಸಭೆಯಲ್ಲಿ ಮೆಚ್ಚುಗೆ ತೋರಿಸಲು ಎರಡೂ ಕೈ ಮೇಲೆತ್ತಿ ಅಂಗೈಗಳನ್ನು ಅಲುಗಿಸುತ್ತಾರೆ.

ಹೊರಡುವಾಗ ಸದ್ದಿಲ್ಲದೆ ಜಾರಿಕೊಳ್ಳುವುದು ಮಾತ್ರ ಬೇಡ. ನೀವು ಎದ್ದು ಹೋದ ಸದ್ದು ಅವರಿಗೆ ಕೇಳಿಸುವುದಿಲ್ಲ, ತಲೆಯೆತ್ತಿದಾಗ ಖಾಲಿ ಕುರ್ಚಿ ಕಾಣುತ್ತದೆ. ಕ್ಯಾಂಟೀನಿಗೆ ಹೋಗಿ ಬರುವುದಾದರೂ ಅವರ ಕಣ್ಣು ಹಿಡಿದು, ಎಲ್ಲಿಗೆ, ಯಾವಾಗ ವಾಪಸ್ಸು ಎಂದು ತಿಳಿಸಿ ಹೋಗಬೇಕು. ಕಿವುಡರ ಕೂಟಗಳಲ್ಲಿ ಬೀಳ್ಕೊಡುಗೆಗೆ ಬಹಳ ಹೊತ್ತು ಹಿಡಿಯುವುದು ಇದಕ್ಕೇ: ಒಬ್ಬೊಬ್ಬರ ಬಳಿಯೂ ನಿಂತು, ಮುಂದಿನ ಸಲ ಎಲ್ಲಿ ಸಿಗುವುದೆಂದು ಗೊತ್ತುಮಾಡಿಕೊಂಡೇ ಹೊರಡುತ್ತಾರೆ.