ಗಣಿತವರಿಯದವರಿಗೂ ವಿಜ್ಞಾನ ಗ್ರಂಥ

ವಿಜ್ಞಾನದ ಪುಸ್ತಕವೆಂದೊಡನೆ ಸೂತ್ರಗಳೂ ಸಮೀಕರಣಗಳೂ ನೆನಪಾಗಿ ಅನೇಕರು ಅದನ್ನು ದೂರವಿಡುತ್ತಾರೆ. ಕಾಲೇಜು ವಿದ್ಯಾಭ್ಯಾಸವನ್ನು ನಡುವೆಯೇ ಬಿಟ್ಟ ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ, ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು. ಗಣಿತದ ಅಧ್ಯಾಪಕರಾಗಿದ್ದ ಜಿ.ಟಿ. ನಾರಾಯಣರಾಯರು ಸಾಮಾನ್ಯ ಓದುಗರಿಗಾಗಿ ಖಗೋಳದ ಗ್ರಂಥಗಳನ್ನು ಬರೆದರು. ಇಂತಹ ಗ್ರಂಥಗಳಲ್ಲಿ ಒಳ್ಳೆಯದನ್ನು ಗುರುತಿಸುವ ಬಗೆ ಯಾವುದು? ‘ಇದು ಹೇಗೆ ತಿಳಿಯಿತು?’ ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿದೆಯೇ ಎಂದು ನೋಡುವುದೇ ಅದಕ್ಕೆ ಒರೆಗಲ್ಲು.

ನಕ್ಷತ್ರಗಳ ದೂರವನ್ನೇ ತೆಗೆದುಕೊಳ್ಳೋಣ. ಒಂದು ನಕ್ಷತ್ರವು 11 ಜ್ಯೋತಿರ್ವರ್ಷ ದೂರದಲ್ಲಿದೆ ಎಂದಷ್ಟೇ ಬರೆದರೆ ಓದುಗರಿಗೆ ಬೆರಗಾಗುತ್ತದೆ, ತಿಳಿವು ಹೆಚ್ಚುವುದಿಲ್ಲ. ಒಳ್ಳೆಯ ಲೇಖಕರು ಮೊದಲು ನಮ್ಮ ಹೆಬ್ಬೆರಳಿನಿಂದ ಆರಂಭಿಸುತ್ತಾರೆ. ಕುಷ್ಟಗಿಯ ಹೆದ್ದಾರಿಯ ಬದಿಯಲ್ಲಿ ನಿಂತು, ದೂರದಲ್ಲಿ ಅಡ್ಡಲಾಗಿ ನಿಂತ ಬಸ್ಸಿನೆಡೆಗೆ ಕೈಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಒಂದು ಕಣ್ಣು ಮುಚ್ಚಿ ನೋಡಿ, ಬಳಿಕ ಅದನ್ನು ತೆರೆದು ಮತ್ತೊಂದನ್ನು ಮುಚ್ಚಿರಿ. ಬೆರಳು ಪಕ್ಕಕ್ಕೆ ಜಿಗಿದಂತೆ ತೋರುತ್ತದೆ. ನಮ್ಮ ಚಾಚಿದ ತೋಳು ಎರಡು ಕಣ್ಣುಗಳ ನಡುವಣ ಅಂತರದ ಸುಮಾರು ಹತ್ತರಷ್ಟು ಉದ್ದವಿರುತ್ತದೆ. ಆದ್ದರಿಂದ ಬೆರಳು ಹತ್ತು ಮೀಟರ್ ಉದ್ದದ ಬಸ್ಸಿನ ಮುಂತುದಿಯಿಂದ ಹಿಂತುದಿಗೆ ಜಿಗಿದರೆ, ಬಸ್ಸು ನಮ್ಮಿಂದ ಸುಮಾರು ನೂರು ಮೀಟರ್ ದೂರದಲ್ಲಿದೆ. ಇಲ್ಲಿ ಗಣಿತವುಂಟು, ಆದರೆ ಅದು ಬೆರಳ ತುದಿಯಲ್ಲಿದೆ.

ಹೆಬ್ಬೆರಳನ್ನು ಕಣ್ಣಿನಿಂದ ದೂರ ಸರಿಸಿದಷ್ಟೂ ಜಿಗಿತ ಕಿರಿದಾಗುತ್ತದೆ. ನಕ್ಷತ್ರದಷ್ಟು ದೂರದ ವಸ್ತುವಿಗೆ ನಮ್ಮ ಕಣ್ಣುಗಳ ನಡುವಣ ಅಂತರ ಸಾಲದು. ಭೂಮಿಯು ಆರು ತಿಂಗಳಲ್ಲಿ ಸೂರ್ಯನ ಆಚೆ ಬದಿಗೆ ಸಾಗುವುದರಿಂದ, ಎರಡು ನೋಟಗಳ ನಡುವೆ 30 ಕೋಟಿ ಕಿಲೋಮೀಟರ್ ಅಂತರ ದೊರೆಯುತ್ತದೆ. ಈ ಉಪಾಯದಿಂದಲೇ ಜರ್ಮನಿಯ ಬೆಸೆಲ್ 1838ರಲ್ಲಿ ರಾಜಹಂಸ ನಕ್ಷತ್ರಪುಂಜದ ಒಂದು ಮಸುಕು ನಕ್ಷತ್ರದ ದೂರವನ್ನು ಅಳೆದು ಪ್ರಕಟಿಸಿದನು. ಆ ನಕ್ಷತ್ರದ ಜಿಗಿತವೆಷ್ಟು? ಎಂಟು ಕಿಲೋಮೀಟರ್ ದೂರದಲ್ಲಿಟ್ಟ ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವೊಂದು ಕಾಣುವಷ್ಟು ಮಾತ್ರ! ಅದಕ್ಕೂ ಮುನ್ನ ಶತಮಾನಗಳ ಕಾಲ ಈ ಯತ್ನ ಫಲಿಸದಿದ್ದುದು ಏಕೆಂದು ಈಗ ತಾನಾಗಿಯೇ ತಿಳಿಯುತ್ತದೆ.

ಇಂತಹ ಬರವಣಿಗೆಗೂ ಒಂದು ಮೇರೆಯುಂಟು. ಬೆರಳಿನ ಉದಾಹರಣೆಯು ನಕ್ಷತ್ರಕ್ಕೂ ನಿಜವಾಗಿಯೇ ಸಲ್ಲುತ್ತದೆ. ಎಲ್ಲ ಹೋಲಿಕೆಗಳೂ ಹಾಗಲ್ಲ. ಸೂರ್ಯನ ಸುತ್ತ ಗ್ರಹಗಳಂತೆ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಸುತ್ತುತ್ತವೆ ಎಂಬ ಹೋಲಿಕೆ ಬಹುಪರಿಚಿತ. ಆದರೆ ಎಲೆಕ್ಟ್ರಾನಿಗೆ ಗ್ರಹದಂತೆ ಗೆರೆ ಎಳೆದ ಪಥವಿಲ್ಲ. ಹೋಲಿಕೆ ಎಲ್ಲಿ ಮುರಿಯುತ್ತದೆಂದು ಹೇಳದ ಪುಸ್ತಕವು ಓದುಗರಿಗೆ ಸುಲಭವೆನಿಸಿಯೂ ತಪ್ಪನ್ನೇ ಕಲಿಸೀತು.

ಆದುದರಿಂದ ಮನೆಗೆ ಪುಸ್ತಕ ಕೊಳ್ಳುವ ಮುನ್ನ ನಡುವಿನ ಯಾವುದಾದರೊಂದು ಪುಟ ತೆರೆದು, ದೊಡ್ಡ ಸಂಖ್ಯೆಯೊಂದನ್ನು ಹುಡುಕಿರಿ. ಅದನ್ನು ಯಾರು, ಯಾವುದರಿಂದ ಅಳೆದರೆಂದು ಆಸುಪಾಸಿನಲ್ಲಿ ಬರೆದಿದ್ದರೆ ಆ ಪುಸ್ತಕವನ್ನು ನೆಮ್ಮದಿಯಿಂದ ಕೊಳ್ಳಬಹುದು.