ಮೂರೋ, ಆರೋ? ಬಸ್ ನಿಲ್ದಾಣದ ಮೈಕಿಗೆ ಹೀಗೆ ಬರೆಯಿರಿ

ಮಕ್ತಲ್ ಬಸ್ ನಿಲ್ದಾಣ ಅಂದುಕೊಳ್ಳಿ. ಒಂದೆಡೆ ನಾರಾಯಣಪೇಟೆ ಬಸ್ಸು, ಇನ್ನೊಂದೆಡೆ ಗದ್ವಾಲ, ನಡುವೆ ರಾಯಚೂರಿಗೆ ಹೊರಟ ಜನ. ಇಂಜಿನ್ ಸದ್ದು ಮಾತಿನ ಮೊದಲ ಅಕ್ಷರವನ್ನೇ ನುಂಗುತ್ತದೆ. ಮೈಕಿನಲ್ಲಿ "ಮೂರು" ಅಂದರೆ, ಕಿವಿಗೆ ಬೀಳುವುದು "ಆರು". ಎರಡರ ಕೊನೆಯೂ ಒಂದೇ ಅಲ್ಲವೇ! ತೆಲುಗಿನಲ್ಲೂ ಇದೇ ತೊಂದರೆ: ಮೂಡು, ಏಡು.

ಹಾಗಾಗಿ ಹೀಗೆ ಬರೆಯಿರಿ:

"ರಾಯಚೂರಿಗೆ ಹೋಗುವವರು ಕೇಳಿ. ರಾಯಚೂರು. ಬಸ್ಸು ಈಗ ಹೊರಡುತ್ತದೆ. ಮೂರನೇ ಪ್ಲಾಟ್‌ಫಾರಂಗೆ ಬನ್ನಿ. ಒಂದು, ಎರಡು, ಮೂರು. ಪ್ಲಾಟ್‌ಫಾರಂ ಮೂರು."

ಊರಿನ ಹೆಸರು ಮೊದಲು ಬಂದರೆ ಸಂಬಂಧಪಟ್ಟವರು ಕಿವಿಗೊಡುತ್ತಾರೆ. ಮುಖ್ಯ ಸಂಖ್ಯೆ ಮೂರು ಸಲ ಬಂದಿದೆ, ಪ್ರತಿಸಲ ಬೇರೆ ರೂಪದಲ್ಲಿ. ಒಂದರಿಂದ ಎಣಿಸಿದಾಗ ಆರು ಅಂತ ಕೇಳಲು ದಾರಿಯೇ ಇಲ್ಲ. ಬಸ್ ನಂಬರು, ಗಂಟೆ, ನಿಮಿಷ ಎಲ್ಲವನ್ನೂ ಇದರಲ್ಲೇ ತುರುಕಬೇಡಿ. ಸಂಖ್ಯೆಗಳು ಒಂದರೊಳಗೊಂದು ಕಲೆಸಿಹೋಗುತ್ತವೆ. ಉಸಿರು ತೆಗೆದುಕೊಂಡು, ಇದನ್ನೇ ಪೂರ್ತಿಯಾಗಿ ತೆಲುಗಿನಲ್ಲಿ ಹೇಳಿ. ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಬೆರೆಸಿದರೆ ಇಬ್ಬರಿಗೂ ಅರ್ಧವೇ ಸಿಗುತ್ತದೆ.

ಓದುವ ಮೊದಲು ಒಬ್ಬರನ್ನು ಚಾಲೂ ಇರುವ ಬಸ್ಸಿನ ಪಕ್ಕ ನಿಲ್ಲಿಸಿ, ಕೇಳಿದ ಸಂಖ್ಯೆಯನ್ನು ಬೆರಳಲ್ಲಿ ತೋರಿಸಲು ಹೇಳಿ. ಬೆರಳು ತಪ್ಪಿದರೆ ವಾಕ್ಯ ತಿದ್ದಿ.